ಒಂದು ರೆಸ್ಯೂಮೆ, ಒಂದು ಹುದ್ದೆ, ಮೂರು ಷರತ್ತು: ನಾನು ತೂಗಿ ನೋಡಿದ ಬಗೆ

ನೆಲಮಂಗಲದಿಂದ ತುಸು ಮುಂದೆ, ತುಮಕೂರು ರಸ್ತೆಯ ಬದಿಯಲ್ಲಿರುವ ಗೋದಾಮೊಂದರಲ್ಲಿ ನಾನು ಲಾಜಿಸ್ಟಿಕ್ಸ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ವಾಹನಗಳ ಬಿಡಿಭಾಗಗಳು ನಮ್ಮಲ್ಲಿಗೆ ಬಂದು, ಇಲ್ಲಿಂದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಮತ್ತು ಮಂಗಳೂರಿನ ವಿತರಕರಿಗೆ ಹೋಗುತ್ತವೆ. ನನ್ನ ಕೈಕೆಳಗಿನ ಒಂದು ಹುದ್ದೆ ತೆರವಾದಾಗ ಕಂಪನಿ ಹೊರಡಿಸಿದ ಪ್ರಕಟಣೆಯಲ್ಲಿ ಮೂರು ಅರ್ಹತೆಗಳನ್ನು ಕೇಳಲಾಗಿತ್ತು: ದಾಸ್ತಾನು ತಂತ್ರಾಂಶದಲ್ಲಿ ಕೆಲಸ ಮಾಡಿದ ಅನುಭವ, ವೆಂಡರ್‌ಗಳನ್ನು ನಿರ್ವಹಿಸಿದ ಅನುಭವ, ವೆಚ್ಚ ಉಳಿಸಿದ್ದಕ್ಕೆ ಪುರಾವೆ. ಬಂದ ನಲವತ್ತಮೂರು ಅರ್ಜಿಗಳಲ್ಲಿ ಒಂದು ರೆಸ್ಯೂಮೆಯನ್ನು ನಮ್ಮ ಎಚ್‌ಆರ್ ಸಹೋದ್ಯೋಗಿ ಪಕ್ಕಕ್ಕಿಟ್ಟಿದ್ದರು. ಅದು ಪೀಣ್ಯದ ಪಂಪ್‌ಸೆಟ್ ತಯಾರಿಕಾ ಕಾರ್ಖಾನೆಯೊಂದರಲ್ಲಿ ಆರು ವರ್ಷ ಸಪ್ಲೈ ಚೈನ್ ಎಕ್ಸಿಕ್ಯುಟಿವ್ ಆಗಿ ದುಡಿದ ಮಹಿಳೆಯೊಬ್ಬರದು. ಎರಡು ಪುಟಗಳಲ್ಲಿ ‘ಲಾಜಿಸ್ಟಿಕ್ಸ್’ ಎಂಬ ಪದ ಒಂದೇ ಸಲ ಬಂದಿತ್ತು ಎಂಬುದೇ ಅದನ್ನು ಬದಿಗಿಡಲು ಕಾರಣ. ಆ ರೆಸ್ಯೂಮೆಯನ್ನು ನಾನು ಮತ್ತೆ ಕೈಗೆತ್ತಿಕೊಂಡು ಹೇಗೆ ಓದಿದೆ, ಎಲ್ಲೆಲ್ಲಿ ಅನುಮಾನಪಟ್ಟೆ, ಏನನ್ನು ಕೇಳಿ ತಿಳಿದುಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ರೆಸ್ಯೂಮೆಗಿಂತ ಮೊದಲು ನಾನು ಓದಿದ್ದು ನಮ್ಮದೇ ಪ್ರಕಟಣೆಯನ್ನು. ‘ದಾಸ್ತಾನು ತಂತ್ರಾಂಶದ ಅನುಭವ’ ಎಂಬ ಮಾತು ಪ್ರಕಟಣೆಯಲ್ಲಿ ಎಷ್ಟು ಸಲೀಸಾಗಿ ಕಾಣುತ್ತದೆಯೋ, ಗೋದಾಮಿನಲ್ಲಿ ಅದರ ಅರ್ಥ ಅಷ್ಟೇ ನಿರ್ದಿಷ್ಟವಾಗಿರುತ್ತದೆ. ಆದ್ದರಿಂದ ಆ ಹುದ್ದೆಗೆ ಬರುವವರು ಮೊದಲ ವಾರದಲ್ಲಿ ನಿಜಕ್ಕೂ ಏನು ಮಾಡಬೇಕಾಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಒಳಬಂದ ಸರಕನ್ನು ನಮ್ಮ ದಾಸ್ತಾನು ತಂತ್ರಾಂಶವಾದ ಸ್ಯಾಪ್‌ನಲ್ಲಿ ದಾಖಲಿಸುವುದು, ಕಪಾಟಿನಲ್ಲಿರುವ ಸಂಖ್ಯೆಗೂ ಪರದೆಯ ಮೇಲಿನ ಸಂಖ್ಯೆಗೂ ವ್ಯತ್ಯಾಸ ಬಂದಾಗ ಕಾರಣವನ್ನು ಹುಡುಕುವುದು, ಆರು ಮಂದಿ ಟ್ರಾನ್ಸ್‌ಪೋರ್ಟರ್‌ಗಳಿಂದ ಸಂಜೆಯೊಳಗೆ ಗಾಡಿ ತರಿಸುವುದು, ಹಮಾಲಿ ಗುತ್ತಿಗೆದಾರರ ಬಿಲ್ಲನ್ನು ಪರಿಶೀಲಿಸುವುದು, ಮತ್ತು ತಿಂಗಳ ಕೊನೆಯಲ್ಲಿ ಸಾಗಣೆ ವೆಚ್ಚ ಏಕೆ ಏರಿತು ಅಥವಾ ಇಳಿಯಿತು ಎಂದು ಲೆಕ್ಕಪತ್ರ ವಿಭಾಗಕ್ಕೆ ವಿವರಿಸುವುದು. ಮೂರು ಷರತ್ತುಗಳು ಈ ಐದು ಕೆಲಸಗಳಾಗಿ ಒಡೆದ ಮೇಲೆ, ರೆಸ್ಯೂಮೆಯಲ್ಲಿ ನಾನು ಹುಡುಕಬೇಕಾದದ್ದು ಪದಗಳನ್ನಲ್ಲ, ಈ ಕೆಲಸಗಳ ಗುರುತುಗಳನ್ನು ಎಂಬುದು ಖಚಿತವಾಯಿತು.

ಹೀಗೆ ಮಾಡುವ ಅಭ್ಯಾಸ ನನಗೆ ಬಂದದ್ದು ಹಿಂದೊಮ್ಮೆ ಮಾಡಿದ ತಪ್ಪಿನಿಂದ. ಇದಕ್ಕೂ ಮುಂಚೆ, ಬೇರೊಂದು ಕಂಪನಿಯಲ್ಲಿದ್ದಾಗ, ‘ಸ್ಯಾಪ್‌ನಲ್ಲಿ ಪರಿಣತಿ’ ಎಂಬ ಒಂದು ಸಾಲನ್ನು ನಂಬಿ ಒಬ್ಬರನ್ನು ತೆಗೆದುಕೊಂಡಿದ್ದೆ. ಅವರು ಸ್ಯಾಪ್ ಬಳಸುತ್ತಿದ್ದದ್ದು ನಿಜವೇ ಆಗಿತ್ತು. ಆದರೆ ಹಿಂದಿನ ಕೆಲಸದಲ್ಲಿ ಅವರಿಗಿದ್ದದ್ದು ವರದಿಗಳನ್ನು ನೋಡುವ ಅನುಮತಿ ಮಾತ್ರ. ಬೆಳಿಗ್ಗೆ `MB52` ಎಂಬ ಪರದೆಯನ್ನು ತೆರೆದು ದಾಸ್ತಾನಿನ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ ಮೇಲಧಿಕಾರಿಗೆ ಕಳುಹಿಸುತ್ತಿದ್ದರು. ಅರ್ಧವಾರ್ಷಿಕ ಎಣಿಕೆಯಲ್ಲಿ ವ್ಯತ್ಯಾಸಗಳು ಕಂಡಾಗ, ಕಾರಣವನ್ನು ಹುಡುಕದೆ ಎಲ್ಲವನ್ನೂ `MI07` ಮೂಲಕ ಹೊಂದಾಣಿಕೆ ಮಾಡಿಬಿಟ್ಟರು. ಪರದೆಯ ಮೇಲಿನ ಲೆಕ್ಕ ಅಂದು ಸರಿಯಾಯಿತು. ಮೂರು ತಿಂಗಳಲ್ಲಿ ಅದೇ ಐಟಂಗಳಲ್ಲಿ ಅದೇ ವ್ಯತ್ಯಾಸ ಮತ್ತೆ ಕಾಣಿಸಿತು, ಏಕೆಂದರೆ ಮೂಲ ಕಾರಣ ಬೇರೆಯೇ ಇತ್ತು. ಸರಕನ್ನು ಒಂದು ಸಂಗ್ರಹ ಸ್ಥಳದಿಂದ ಇನ್ನೊಂದಕ್ಕೆ ಸಾಗಿಸುವಾಗ ಅದರ ವರ್ಗಾವಣೆಯನ್ನು ಸಿಸ್ಟಮ್‌ನಲ್ಲಿ ದಾಖಲಿಸುವ ರೂಢಿಯೇ ಅಲ್ಲಿ ಇರಲಿಲ್ಲ. ಆ ವ್ಯಕ್ತಿಯದು ಸುಳ್ಳೇನೂ ಆಗಿರಲಿಲ್ಲ. ನೋಡುವುದು ಮತ್ತು ಮಾಡುವುದರ ನಡುವಿನ ಅಂತರವನ್ನು ನಾನು ಕೇಳಿ ತಿಳಿದುಕೊಂಡಿರಲಿಲ್ಲ.

ಈಗ ಪಂಪ್‌ಸೆಟ್ ಕಾರ್ಖಾನೆಯ ಆ ಅಭ್ಯರ್ಥಿಯ ರೆಸ್ಯೂಮೆಗೆ ಬರುತ್ತೇನೆ. ಪೆನ್ಸಿಲ್ ಹಿಡಿದು ಓದುವಾಗ ಪ್ರತಿ ಸಾಲಿನ ಪಕ್ಕದಲ್ಲಿ ನಾನು ಒಂದು ಮಾತನ್ನು ಬರೆಯುತ್ತಾ ಹೋಗುತ್ತೇನೆ. ಸಾಲಿನಲ್ಲಿ ಉಪಕರಣದ ಹೆಸರಷ್ಟೇ ಇದ್ದರೆ ‘ಹೆಸರು’ ಎಂದೂ, ಅದರಿಂದ ಮಾಡಿದ ಕೆಲಸ ಹೇಳಿದ್ದರೆ ‘ಕೆಲಸ’ ಎಂದೂ, ಆ ಕೆಲಸದಿಂದ ಏನು ಬದಲಾಯಿತೆಂದು ಅಳತೆಯೊಂದಿಗೆ ಹೇಳಿದ್ದರೆ ‘ಫಲ’ ಎಂದೂ ಗುರುತು ಹಾಕುತ್ತೇನೆ. ‘ಸ್ಯಾಪ್, ಟ್ಯಾಲಿ, ಎಕ್ಸೆಲ್ ಬಲ್ಲೆ’ ಎಂಬ ಸಾಲಿಗೆ ‘ಹೆಸರು’ ಎಂಬ ಗುರುತಷ್ಟೇ ಸಿಕ್ಕಿತು. ಆದರೆ ಎರಡನೆಯ ಪುಟದಲ್ಲಿ, ಯಾರೂ ಕಣ್ಣು ಹಾಯಿಸದಂಥ ಜಾಗದಲ್ಲಿ, ‘ಪ್ರತಿ ವಾರ ಆಯ್ದ 100 ಐಟಂಗಳ ಆವರ್ತ ಎಣಿಕೆ ನಡೆಸಿ, ವ್ಯತ್ಯಾಸಗಳ ಕಾರಣವನ್ನು ದಾಖಲಿಸಿ, ದಾಸ್ತಾನು ನಿಖರತೆಯನ್ನು 98%ಕ್ಕೆ ಏರಿಸಿದ್ದು’ ಎಂಬ ಸಾಲಿತ್ತು. ಇದರಲ್ಲಿ ಕೆಲಸವೂ ಇತ್ತು, ಫಲವೂ ಇತ್ತು. ತಾಂತ್ರಿಕ ಕೌಶಲಗಳ ಪೆಟ್ಟಿಗೆಯಲ್ಲಿ ಬರೆದದ್ದಕ್ಕಿಂತ ಕೆಲಸದ ವಿವರಣೆಯ ನಡುವೆ ಸಿಗುವ ತಂತ್ರಾಂಶದ ಉಲ್ಲೇಖಕ್ಕೆ ಹೆಚ್ಚು ತೂಕ ಕೊಡಬೇಕೆಂಬುದು ನನ್ನ ನಿಲುವು. ಪೆಟ್ಟಿಗೆಯನ್ನು ಯಾರಾದರೂ ತುಂಬಿಸಬಹುದು; ಎಣಿಕೆಯನ್ನು ವಾರಕ್ಕೊಮ್ಮೆ ಮಾಡಿದವರು ಮಾತ್ರ ‘ಕಾರಣ ದಾಖಲಿಸಿದೆ’ ಎಂಬ ಎರಡು ಪದಗಳನ್ನು ನೆನಪಿನಿಂದ ಬರೆಯುತ್ತಾರೆ.

ಆದರೂ 98% ಎಂಬ ಅಂಕಿಯನ್ನು ನಾನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ದಾಸ್ತಾನಿನ ನಿಖರತೆಯನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಬಹುದು, ಮತ್ತು ಎರಡೂ ಒಂದೇ ಗೋದಾಮಿನಲ್ಲಿ ಬಹಳ ಬೇರೆ ಬೇರೆ ಉತ್ತರಗಳನ್ನು ಕೊಡುತ್ತವೆ. 400 ಐಟಂಗಳನ್ನು ಎಣಿಸಿದಾಗ 31ರಲ್ಲಿ ವ್ಯತ್ಯಾಸ ಕಂಡಿತೆನ್ನೋಣ. ಐಟಂಗಳ ಲೆಕ್ಕದಲ್ಲಿ ನಿಖರತೆ 92%ಗಿಂತ ಸ್ವಲ್ಪ ಮೇಲಷ್ಟೇ. ಆದರೆ ಒಂದು ಐಟಂನಲ್ಲಿ ಹತ್ತು ಸಾವಿರ ರೂಪಾಯಿಯ ಸರಕು ಹೆಚ್ಚಾಗಿ, ಇನ್ನೊಂದರಲ್ಲಿ ಒಂಬತ್ತು ಸಾವಿರದ್ದು ಕಡಿಮೆಯಾಗಿದ್ದರೆ, ಮೌಲ್ಯದ ಲೆಕ್ಕದಲ್ಲಿ ಹೆಚ್ಚೂ ಕಡಿಮೆಯೂ ಒಂದನ್ನೊಂದು ಅಳಿಸಿಹಾಕಿ, ನಿಖರತೆ 99%ಕ್ಕೂ ಮೇಲೆ ಕಾಣುತ್ತದೆ. ಲೆಕ್ಕಪತ್ರದವರಿಗೆ ಮೌಲ್ಯದ ಅಂಕಿ ಸಾಕಾಗಬಹುದು. ಹುಬ್ಬಳ್ಳಿಯ ವಿತರಕ ಕ್ಲಚ್ ಪ್ಲೇಟ್ ಕೇಳಿದಾಗ ಅದು ಕಪಾಟಿನಲ್ಲಿ ಇರಬೇಕಾದ ನನಗೆ ಐಟಂಗಳ ಅಂಕಿಯೇ ಬೇಕು. ಆದ್ದರಿಂದ ರೆಸ್ಯೂಮೆಯ ಅಂಚಿನಲ್ಲಿ ‘ಯಾವ 98?’ ಎಂದು ಬರೆದು, ಅವರಿಗೆ ಫೋನ್ ಮಾಡಿದೆ.

ಹದಿನೈದು ನಿಮಿಷದ ಆ ಮಾತುಕತೆಯಲ್ಲಿ ನಿಖರತೆಯ ಪ್ರಶ್ನೆಗೆ ಅವರು ತಡವರಿಸಲಿಲ್ಲ. “ಐಟಂಗಳ ಲೆಕ್ಕ ಸರ್. ಆದರೆ ಎ ವರ್ಗದ, ಅಂದರೆ ಹೆಚ್ಚು ಮೌಲ್ಯದ ಐಟಂಗಳದ್ದು ಮಾತ್ರ. ಬೋಲ್ಟು, ವಾಷರ್‌ಗಳನ್ನು ನಾವು ತೂಕದಲ್ಲಿ ಅಳೆಯುತ್ತಿದ್ದೆವು, ಅವು ಈ 98ರಲ್ಲಿ ಸೇರಿಲ್ಲ” ಎಂದರು. ಅಂಕಿಯ ಎಲ್ಲೆಯನ್ನು ತಾವಾಗಿಯೇ ಹೇಳುವವರು ಆ ಅಂಕಿಯನ್ನು ತಾವೇ ತಯಾರಿಸಿರುತ್ತಾರೆ ಎಂಬುದು ನನ್ನ ಅನುಭವ.

ತಂತ್ರಾಂಶದ ವಿಷಯದಲ್ಲಿ ನಾನು ಯಾರಿಗೂ ಪರದೆಯ ಕೋಡುಗಳನ್ನು ಒಪ್ಪಿಸಲು ಹೇಳುವುದಿಲ್ಲ; ಅದನ್ನು ಬಾಯಿಪಾಠ ಮಾಡಿಕೊಂಡು ಬರುವುದು ಸುಲಭ. ಬದಲಿಗೆ ಒಂದು ಪ್ರಸಂಗವನ್ನು ಕೊಡುತ್ತೇನೆ. ಇವರಿಗೂ ಅದನ್ನೇ ಕೊಟ್ಟೆ: ಆರ್ಡರ್ ಕೊಟ್ಟದ್ದು 100 ಪೆಟ್ಟಿಗೆ, ಸರಬರಾಜುದಾರನ ಬಿಲ್ಲಿನಲ್ಲಿಯೂ 100 ಎಂದೇ ಇದೆ, ಲಾರಿಯಿಂದ ಇಳಿದದ್ದು 96, ಅವುಗಳಲ್ಲಿ ಎರಡು ಒಡೆದಿವೆ, ಚಾಲಕ ಅವಸರಪಡಿಸುತ್ತಿದ್ದಾನೆ. ಬರಿಯ ವರದಿ ನೋಡಿದವರು ಈ ಪ್ರಶ್ನೆಗೆ ‘ಮೇಲಧಿಕಾರಿಗೆ ತಿಳಿಸುತ್ತೇನೆ’ ಎನ್ನುತ್ತಾರೆ. ಇವರು ಮೊದಲು ಹೇಳಿದ್ದು ತಂತ್ರಾಂಶದ ಮಾತನ್ನೇ ಅಲ್ಲ. “ಮೊದಲು ಲಾರಿ ರಸೀದಿ ಎಲ್‌ಆರ್ ಮೇಲೆ ನಾಲ್ಕು ಕಡಿಮೆ, ಎರಡು ಒಡೆದಿವೆ ಎಂದು ಬರೆದು ಚಾಲಕನ ಸಹಿ ತೆಗೆದುಕೊಳ್ಳುತ್ತೇನೆ ಸರ್. ಅವನು ಗೇಟು ದಾಟಿದ ಮೇಲೆ ಆ ಕೊರತೆ ನಮ್ಮದಾಗುತ್ತದೆ. ಆಮೇಲೆ `MIGO`ದಲ್ಲಿ 94 ಅನ್ನು ಬಳಕೆಗೆ, ಎರಡನ್ನು ಬ್ಲಾಕ್ ಮಾಡಿದ ದಾಸ್ತಾನಿಗೆ ಹಾಕುತ್ತೇನೆ. ಬಿಲ್ಲು 100ಕ್ಕೆ ಇರುವುದರಿಂದ ಅಕೌಂಟ್ಸ್‌ನವರಿಗೆ ಡೆಬಿಟ್ ನೋಟ್‌ಗಾಗಿ ಅಂದೇ ಬರೆಯುತ್ತೇನೆ.” ಈ ಉತ್ತರದಲ್ಲಿ ಕಾಗದ, ಪರದೆ ಮತ್ತು ಹಣ ಮೂರೂ ಸರಿಯಾದ ಕ್ರಮದಲ್ಲಿ ಬಂದವು. ಮೊದಲನೆಯ ಷರತ್ತಿಗೆ ಎದುರಾಗಿ ನಾನು ‘ಸಾಬೀತಾಗಿದೆ’ ಎಂದು ಬರೆದೆ. ನಮ್ಮಲ್ಲಿ ಪ್ರತಿ ಕಪಾಟಿಗೂ ಸಂಖ್ಯೆ ಕೊಟ್ಟು ಸ್ಕ್ಯಾನರ್‌ನಿಂದ ಸರಕು ಎತ್ತುವ ವ್ಯವಸ್ಥೆಯಿದೆ; ಅವರ ಕಾರ್ಖಾನೆಯಲ್ಲಿ ಅದು ಇರಲಿಲ್ಲ. ಅದನ್ನೂ ಪಕ್ಕದಲ್ಲಿ ಬರೆದುಕೊಂಡೆ. ಸರಕಿನ ಒಳಬರುವಿಕೆ, ತಡೆ, ಹೊಂದಾಣಿಕೆಗಳ ತರ್ಕ ಗೊತ್ತಿರುವವರಿಗೆ ಸ್ಕ್ಯಾನರ್ ಕಲಿಸಲು ನಮಗೆ ಹತ್ತು ದಿನ ಸಾಕಾಗುತ್ತದೆ. ತರ್ಕ ಗೊತ್ತಿಲ್ಲದವರಿಗೆ ಸ್ಕ್ಯಾನರ್ ಗೊತ್ತಿದ್ದರೆ ಆ ಲೆಕ್ಕ ತಲೆಕೆಳಗಾಗುತ್ತದೆ.

ವೆಂಡರ್‌ಗಳ ವಿಷಯ ಇಷ್ಟು ಸುಲಭವಾಗಿ ತೀರ್ಮಾನವಾಗಲಿಲ್ಲ. ರೆಸ್ಯೂಮೆಯಲ್ಲಿದ್ದ ಸಾಲು ‘25ಕ್ಕೂ ಹೆಚ್ಚು ವೆಂಡರ್‌ಗಳ ನಿರ್ವಹಣೆ’ ಎಂದು. ಇಂಥ ಸಾಲನ್ನು ನಾನು ದಿನವೂ ನೋಡುತ್ತೇನೆ, ಮತ್ತು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಕೇಳಿದಾಗ, ಅವರ ಇಪ್ಪತ್ತೈದರಲ್ಲಿ ಇಪ್ಪತ್ತೆರಡು ಮಂದಿ ಎರಕದ ಬಿಡಿಭಾಗ, ಬೇರಿಂಗ್ ಮತ್ತು ತಾಮ್ರದ ತಂತಿ ಸರಬರಾಜು ಮಾಡುವವರು, ಟ್ರಾನ್ಸ್‌ಪೋರ್ಟರ್‌ಗಳು ಮೂವರೇ ಎಂದು ತಿಳಿಯಿತು. ಸಪ್ಲೈ ಚೈನ್ ರೆಸ್ಯೂಮೆಯನ್ನು ಲಾಜಿಸ್ಟಿಕ್ಸ್ ಹುದ್ದೆಯ ಎದುರು ಇಟ್ಟಾಗ ಮುಖ್ಯ ಬಿರುಕು ಕಾಣುವುದು ಇಲ್ಲಿಯೇ. ವಸ್ತುವನ್ನು ಕೊಡುವ ವೆಂಡರ್ ಮತ್ತು ಸೇವೆಯನ್ನು ಕೊಡುವ ವೆಂಡರ್ ಇಬ್ಬರನ್ನೂ ಒಂದೇ ಪದದಿಂದ ಕರೆಯುತ್ತೇವಾದರೂ ಇಬ್ಬರೊಂದಿಗಿನ ವ್ಯವಹಾರ ಬೇರೆ. ಬೇರಿಂಗ್ ಕೆಟ್ಟದಾಗಿದ್ದರೆ ವಾಪಸು ಕಳುಹಿಸಬಹುದು, ಬಿಲ್ಲನ್ನು ತಡೆಹಿಡಿಯಬಹುದು, ಹತ್ತು ದಿನದ ದಾಸ್ತಾನು ಇದ್ದರೆ ನೆಮ್ಮದಿಯಾಗಿ ಮಾತುಕತೆ ನಡೆಸಬಹುದು. ಸಂಜೆ ನಾಲ್ಕು ಗಂಟೆಗೆ ಬರಬೇಕಾದ ಲಾರಿ ಬಾರದಿದ್ದರೆ ಅದನ್ನು ವಾಪಸು ಕಳುಹಿಸಲು ಆಗುವುದಿಲ್ಲ, ಅದಕ್ಕೆ ದಾಸ್ತಾನೂ ಇರುವುದಿಲ್ಲ. ಸರಕು ಡಾಕ್‌ನಲ್ಲಿ ಉಳಿಯುತ್ತದೆ, ಮರುದಿನದ ಸರಕು ಅದರ ಹಿಂದೆ ಬಂದು ನಿಲ್ಲುತ್ತದೆ.

ಆದ್ದರಿಂದ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದೆ. ಮೊದಲನೆಯದು, ವೆಂಡರ್ ತಪ್ಪಿದಾಗ ಇವರು ಪುರಾವೆಯನ್ನು ಹೇಗೆ ಕಟ್ಟುತ್ತಾರೆ ಎಂಬುದು. ಯಾವುದೇ ಒಬ್ಬ ವೆಂಡರ್‌ನೊಂದಿಗೆ ಬಂದ ಜಗಳವನ್ನು ಮೊದಲಿಂದ ಕೊನೆಯವರೆಗೆ ಹೇಳಿ ಎಂದಾಗ, ಅವರು ಬೇರಿಂಗ್ ಸರಬರಾಜುದಾರರೊಬ್ಬರ ವಿಳಂಬದ ಕಥೆಯನ್ನು ಹೇಳಿದರು. ಹದಿನಾಲ್ಕು ತಿಂಗಳ ಆರ್ಡರ್‌ಗಳನ್ನು ತೆಗೆದು, ಒಪ್ಪಿಕೊಂಡ ದಿನಾಂಕ ಮತ್ತು ಸರಕು ಗೇಟಿಗೆ ಬಂದ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ವಿಳಂಬಗಳಲ್ಲಿ ತಮ್ಮದೇ ಕಾರ್ಖಾನೆ ಆರ್ಡರ್‌ನ ಪ್ರಮಾಣವನ್ನು ಕೊನೆಯ ವಾರದಲ್ಲಿ ಬದಲಾಯಿಸಿತ್ತು ಎಂದು ಕಂಡಿತಂತೆ. ಅವರು ಉತ್ಪಾದನಾ ಯೋಜನೆಯವರ ಬಳಿಗೆ ಹೋಗಿ, ಕೊನೆಯ ಏಳು ದಿನ ಆರ್ಡರ್ ಬದಲಾಯಿಸುವಂತಿಲ್ಲ ಎಂಬ ನಿಯಮವನ್ನು ಒಪ್ಪಿಸಿ, ಉಳಿದ ಅರ್ಧಕ್ಕೆ ಮಾತ್ರ ವೆಂಡರ್‌ನನ್ನು ಹೊಣೆ ಮಾಡಿದ್ದರು. ವೆಂಡರ್‌ನನ್ನು ಗದರಿಸಿದೆ, ದರ ಇಳಿಸಿದೆ ಎಂಬ ಕಥೆಗಳನ್ನು ಸಂದರ್ಶನಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ತಮ್ಮ ಮನೆಯ ತಪ್ಪನ್ನು ದಿನಾಂಕ ಸಮೇತ ಹುಡುಕಿದ ಕಥೆ ಅಪರೂಪ, ಮತ್ತು ಟ್ರಾನ್ಸ್‌ಪೋರ್ಟರ್‌ಗಳೊಂದಿಗಿನ ಕೆಲಸಕ್ಕೆ ಇದೇ ಗುಣ ಬೇಕು. ಲಾರಿ ತಡವಾಯಿತೆಂದು ದಂಡ ಹಾಕುವ ಮುಂಚೆ, ಅದನ್ನು ನಮ್ಮ ಡಾಕ್‌ನಲ್ಲಿ ನಾವೇ ಎಷ್ಟು ಗಂಟೆ ಕಾಯಿಸಿದೆವೆಂಬ ಲೆಕ್ಕ ನಮ್ಮ ಬಳಿ ಇರಬೇಕಾಗುತ್ತದೆ.

ಎರಡನೆಯದಾಗಿ, ಸಾಗಣೆಯ ತುರ್ತು ಸಂದರ್ಭವೊಂದನ್ನು ಕೊಟ್ಟೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಮಂಗಳೂರಿನ ಲಾರಿ ಸಕಲೇಶಪುರದಲ್ಲಿ ನಿಂತಿದೆ, ಏನು ಮಾಡುತ್ತೀರಿ? ವಿತರಕರಿಗೆ ತಿಳಿಸುವುದು, ಟ್ರಾನ್ಸ್‌ಪೋರ್ಟರ್‌ನೊಂದಿಗೆ ಬದಲಿ ಮಾರ್ಗವನ್ನೂ ಅದರ ಹೆಚ್ಚುವರಿ ಬಾಡಿಗೆಯನ್ನೂ ಬರವಣಿಗೆಯಲ್ಲಿ ಒಪ್ಪಿಕೊಳ್ಳುವುದು, ತುರ್ತಾಗಿ ಬೇಕಾದ ಐಟಂಗಳನ್ನು ಬೇರೆ ದಾರಿಯಲ್ಲಿ ಕಳುಹಿಸುವುದು, ಇಷ್ಟನ್ನು ಅವರು ಚೆನ್ನಾಗಿ ಹೇಳಿದರು. ಆದರೆ ಸಾಗುವ ಸರಕಿನ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿನ ಅವಧಿಯ ವಿಚಾರ ಅವರ ಬಾಯಲ್ಲಿ ಬರಲಿಲ್ಲ. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಇ-ವೇ ಬಿಲ್ಲಿಗೆ ಅವಧಿ ಸಿಗುತ್ತದೆ. ನಮ್ಮಿಂದ ಮಂಗಳೂರಿಗೆ ಹಾಗಾಗಿ ಎರಡು ದಿನ. ಲಾರಿ ಘಾಟಿಯ ಮೇಲೆ ಎರಡು ದಿನಕ್ಕಿಂತ ಹೆಚ್ಚು ನಿಂತರೆ ಅವಧಿ ಮುಗಿಯುತ್ತದೆ, ಮುಗಿಯುವ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆಯ ಒಳಗೆ ಅದನ್ನು ವಿಸ್ತರಿಸದಿದ್ದರೆ, ಮುಂದೆ ಗಾಡಿಯನ್ನು ತಡೆದು ದಂಡ ವಿಧಿಸುವ ಸಾಧ್ಯತೆ ಇರುತ್ತದೆ. ಕೇಳಿದಾಗ ಅವರು ಮುಚ್ಚಿಡದೆ, “ಇ-ವೇ ಬಿಲ್ ನಮ್ಮಲ್ಲಿ ಅಕೌಂಟ್ಸ್‌ನವರೇ ಮಾಡುತ್ತಿದ್ದರು ಸರ್, ನಾನು ನಂಬರನ್ನು ಚಾಲಕನಿಗೆ ಕಳುಹಿಸುತ್ತಿದ್ದೆ ಅಷ್ಟೇ” ಎಂದರು. ಎರಡನೆಯ ಷರತ್ತಿನ ಎದುರು ನಾನು ಬರೆದದ್ದು: ‘ವೆಂಡರ್ ನಿರ್ವಹಣೆಯ ವಿಧಾನ ಗಟ್ಟಿಯಾಗಿದೆ, ಸಾಗಣೆಯ ನಿಯಮಗಳು ತಿಳಿದಿಲ್ಲ’. ವಿಧಾನವನ್ನು ಕಲಿಸಲು ವರ್ಷಗಳು ಬೇಕು. ಇ-ವೇ ಬಿಲ್ಲಿನ ನಿಯಮವನ್ನು ನಮ್ಮ ಡಿಸ್ಪ್ಯಾಚ್ ಮೇಜಿನಲ್ಲಿ ಕೂತು ಎರಡು ದಿನದಲ್ಲಿ ಕಲಿಯಬಹುದು.

ಮೂರನೆಯ ಷರತ್ತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ, ಏಕೆಂದರೆ ರೆಸ್ಯೂಮೆಗಳಲ್ಲಿ ತೀರಾ ಸುಲಭವಾಗಿ ಉಬ್ಬುವುದು ಉಳಿತಾಯದ ಅಂಕಿಯೇ. ಈ ರೆಸ್ಯೂಮೆಯಲ್ಲಿ ‘ಸಾಗಣೆ ವೆಚ್ಚದಲ್ಲಿ 18% ಕಡಿತ, ವರ್ಷಕ್ಕೆ 24 ಲಕ್ಷ ರೂಪಾಯಿ ಉಳಿತಾಯ’ ಎಂದು ದಪ್ಪ ಅಕ್ಷರದಲ್ಲಿತ್ತು. ನೇರ ಭೇಟಿಗೆ ಬರುವಾಗ ಈ ಅಂಕಿಯ ಹಿಂದಿನ ಲೆಕ್ಕವನ್ನು, ಹಳೆಯ ಕಂಪನಿಯ ಯಾವ ಕಾಗದವನ್ನೂ ತರದೆ, ನೆನಪಿನಿಂದ ಬರೆದುಕೊಂಡು ಬನ್ನಿ ಎಂದು ಕೋರಿದೆ. ಕಾಗದ ತರಬೇಡಿ ಎಂದದ್ದಕ್ಕೆ ಕಾರಣವಿದೆ. ದರಪಟ್ಟಿ, ವೆಂಡರ್ ಒಪ್ಪಂದಗಳಂಥವು ಅವರ ಹಳೆಯ ಕಂಪನಿಯ ಗುಟ್ಟುಗಳು. ಅವನ್ನು ನನಗೆ ತೋರಿಸುವವರು ನಾಳೆ ನಮ್ಮದನ್ನು ಇನ್ನೊಬ್ಬರಿಗೆ ತೋರಿಸಿಯಾರು.

ಅವರು ಬರೆದುಕೊಂಡು ಬಂದ ಲೆಕ್ಕ ಹೀಗಿತ್ತು: ಹಿಂದಿನ ವರ್ಷ ವಿತರಕರಿಗೆ ಸರಕು ಕಳುಹಿಸಲು ಆದ ಸಾಗಣೆ ವೆಚ್ಚ 1.30 ಕೋಟಿ, ಬದಲಾವಣೆ ತಂದ ವರ್ಷದ್ದು 1.06 ಕೋಟಿ, ಇವುಗಳ ವ್ಯತ್ಯಾಸ 24 ಲಕ್ಷ. ಶೇಕಡಾವಾರು ಹದಿನೆಂಟಕ್ಕಿಂತ ತುಸು ಹೆಚ್ಚು. ಕೂಡುವುದು, ಕಳೆಯುವುದರಲ್ಲಿ ತಪ್ಪಿರಲಿಲ್ಲ. ನಾನು ಕೇಳಿದ ಮೊದಲ ಪ್ರಶ್ನೆ, ಎರಡೂ ವರ್ಷಗಳಲ್ಲಿ ಎಷ್ಟು ಟನ್ ಸಾಗಿಸಿದಿರಿ ಎಂಬುದು. ಅವರಿಗೆ ಗೊತ್ತಿತ್ತು: ಹಿಂದಿನ ವರ್ಷ 5,200 ಟನ್, ಮುಂದಿನ ವರ್ಷ 4,600 ಟನ್. ಆ ವರ್ಷ ಮಾರಾಟ ಕುಗ್ಗಿತ್ತು. ಇಬ್ಬರೂ ಕೂತು ಅದೇ ಹಾಳೆಯ ಕೆಳಗೆ ಲೆಕ್ಕವನ್ನು ಮತ್ತೆ ಹಾಕಿದೆವು. ಹಿಂದಿನ ವರ್ಷ ಟನ್ನಿಗೆ 2,500 ರೂಪಾಯಿ ಬಿದ್ದಿತ್ತು. ಅದೇ ದರದಲ್ಲಿ 4,600 ಟನ್ ಸಾಗಿಸಿದ್ದರೆ ವೆಚ್ಚ 1.15 ಕೋಟಿಯಾಗುತ್ತಿತ್ತು. ನಿಜವಾಗಿ ಆದದ್ದು 1.06 ಕೋಟಿ. ಅಂದರೆ ಯಾರೂ ಏನೂ ಮಾಡದಿದ್ದರೂ 15 ಲಕ್ಷ ತಾನಾಗಿ ಇಳಿಯುತ್ತಿತ್ತು, ಸರಕೇ ಕಡಿಮೆಯಾದ್ದರಿಂದ. ಕೆಲಸದಿಂದ ಬಂದದ್ದು 9 ಲಕ್ಷ.

ಈ 9 ಲಕ್ಷವನ್ನೂ ಕೆದಕಬೇಕಿತ್ತು. ಟನ್ನಿನ ಸರಾಸರಿ ದರ ಇಳಿಯಲು ಕೆಲಸವಲ್ಲದ ಇನ್ನೂ ಎರಡು ಕಾರಣಗಳಿರಬಹುದು. ಹತ್ತಿರದ ಊರುಗಳಿಗೆ ಹೋಗುವ ಸರಕಿನ ಪಾಲು ಹೆಚ್ಚಾದರೆ ಸರಾಸರಿ ತಾನಾಗಿ ಕೆಳಗೆ ಬರುತ್ತದೆ. ಡೀಸೆಲ್ ದರ ಇಳಿದು, ಅದಕ್ಕೆ ಹೊಂದಿಕೊಂಡು ಬಾಡಿಗೆ ಇಳಿಯುವ ಒಪ್ಪಂದವಿದ್ದರೂ ಹಾಗೆಯೇ. ಅವರ ಪ್ರಕಾರ ಹುಬ್ಬಳ್ಳಿ ಮತ್ತು ಬೆಳಗಾವಿಯ ಪಾಲು ಎರಡೂ ವರ್ಷ ಹೆಚ್ಚುಕಡಿಮೆ ಒಂದೇ ಆಗಿತ್ತು, ಒಪ್ಪಂದದ ಬಾಡಿಗೆಯೂ ಬದಲಾಗಿರಲಿಲ್ಲ. ಹಾಗಾದರೆ ದರ ಇಳಿದದ್ದು ಏಕೆ? ಮೊದಲು ಈ ಎರಡೂ ಊರುಗಳಿಗೆ ದಿನವೂ ಪಾರ್ಟ್ ಲೋಡಿನಲ್ಲಿ, ಕೆಜಿ ಲೆಕ್ಕದ ಬಾಡಿಗೆಯಲ್ಲಿ ಸರಕು ಹೋಗುತ್ತಿತ್ತು. ಇವರು ವಾರಕ್ಕೆ ಮೂರು ದಿನ ಗೊತ್ತುಮಾಡಿ, ಹುಬ್ಬಳ್ಳಿಯಲ್ಲಿ ಸ್ವಲ್ಪ ಇಳಿಸಿ ಬೆಳಗಾವಿಗೆ ಮುಂದುವರಿಯುವ ಒಂದೇ ಫುಲ್ ಲೋಡ್ ಗಾಡಿಯನ್ನು ಏರ್ಪಡಿಸಿದ್ದರು. ಕಾರಣ ಸ್ಪಷ್ಟವಾಗಿತ್ತು, ಅದು ಅವರದೇ ಕೆಲಸವಾಗಿತ್ತು, ಮತ್ತು ಮರುವರ್ಷವೂ ಮುಂದುವರಿಯುವಂಥ ಉಳಿತಾಯವಾಗಿತ್ತು. ಒಂದೇ ಸಲ ಬಿಲ್ಲಿನಲ್ಲಿ ರಿಯಾಯಿತಿ ಪಡೆದದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ನಾನು ಕೊನೆಯದಾಗಿ ಕೇಳುವ ಪ್ರಶ್ನೆಯೊಂದಿದೆ: ಈ ಹಣ ಬೇರೆ ಯಾವ ಖಾತೆಯಲ್ಲಾದರೂ ಖರ್ಚಾಗಿ ಕಾಣಿಸಿಕೊಂಡಿತೆ? ದಿನವೂ ಹೋಗುತ್ತಿದ್ದ ಸರಕು ವಾರಕ್ಕೆ ಮೂರು ದಿನ ಹೋದರೆ, ನಡುವಿನ ದಿನಗಳಲ್ಲಿ ತುರ್ತಾಗಿ ಬೇಕಾದವರ ಕಥೆಯೇನು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲ ತಿಂಗಳು ವಿತರಕರು ಬಹಳ ದೂರಿದರು ಸರ್. ಆಮೇಲೆ ಮೋಟಾರ್ ಬಿಡಿಭಾಗಗಳನ್ನು ಕೊರಿಯರ್‌ನಲ್ಲಿ ಕಳುಹಿಸತೊಡಗಿದೆವು. ತಿಂಗಳಿಗೆ ಹದಿನೈದು ಸಾವಿರದಷ್ಟು ಆಗುತ್ತಿತ್ತು. ಅದು ಸಾಗಣೆಯಲ್ಲಿ ಅಲ್ಲ, ಮಾರಾಟ ವಿಭಾಗದ ಖರ್ಚಿನಲ್ಲಿ ಹೋಗುತ್ತಿತ್ತು” ಎಂದರು. ವರ್ಷಕ್ಕೆ 1.8 ಲಕ್ಷ. 9ರಲ್ಲಿ ಅದನ್ನು ಕಳೆದರೆ 7.2 ಲಕ್ಷ, 1.15 ಕೋಟಿಯ ಮೇಲೆ ಸುಮಾರು 6%.

ಹೀಗೆ 18% ಎಂಬುದು 6% ಆಯಿತು. ಇದನ್ನು ನಾನು ಅವರ ವಿರುದ್ಧದ ಅಂಶವೆಂದು ಪರಿಗಣಿಸಲಿಲ್ಲ, ಮತ್ತು ಏಕೆ ಎಂಬುದನ್ನು ಹೇಳಬೇಕು. ಒಟ್ಟು ವೆಚ್ಚವನ್ನು ಒಟ್ಟು ವೆಚ್ಚದಿಂದ ಕಳೆಯುವುದು ಅವರ ಕಂಪನಿಯ ವಾರ್ಷಿಕ ವರದಿಯ ರೂಢಿಯೇ ಆಗಿತ್ತು; ಅವರು ಅದನ್ನೇ ರೆಸ್ಯೂಮೆಗೆ ತಂದಿದ್ದರು. ಟನ್ನುಗಳ ಅಂಕಿ ಅವರ ತಲೆಯಲ್ಲಿತ್ತು, ಕೊರಿಯರ್ ಖರ್ಚನ್ನು ಅವರೇ ಬಾಯಿಬಿಟ್ಟು ಹೇಳಿದರು, ಅದು ಯಾವ ಖಾತೆಗೆ ಹೋಯಿತೆಂಬುದೂ ಗೊತ್ತಿತ್ತು. ಉಳಿತಾಯದ ಅಂಕಿ ಎಷ್ಟು ದೊಡ್ಡದು ಎಂಬುದಕ್ಕಿಂತ ಅದನ್ನು ಭಾಗಿಸಿದ ಸಂಖ್ಯೆ ಯಾವುದೆಂದು ಅಭ್ಯರ್ಥಿಗೆ ಗೊತ್ತಿದೆಯೇ ಎಂಬುದನ್ನು ನಾನು ನೋಡುತ್ತೇನೆ. ಪರಿಶೀಲನೆಯಲ್ಲಿ ಉಳಿದು ನಿಂತ 7.2 ಲಕ್ಷ ನನ್ನ ಪಾಲಿಗೆ ಪರಿಶೀಲಿಸಲಾಗದ 24 ಲಕ್ಷಕ್ಕಿಂತ ಭಾರವಾದದ್ದು.

ಹೋಲಿಕೆಗೆ ಇನ್ನೊಂದು ರೆಸ್ಯೂಮೆ ಮೇಜಿನ ಮೇಲಿತ್ತು. ಐದು ವರ್ಷ ಲಾಜಿಸ್ಟಿಕ್ಸ್‌ನಲ್ಲೇ ಇದ್ದ ಯುವಕನದು. ಪ್ರಕಟಣೆಯ ಪ್ರತಿ ಪದವೂ ಅದರಲ್ಲಿತ್ತು, ಎಚ್‌ಆರ್‌ನ ಪಟ್ಟಿಯಲ್ಲಿ ಅದೇ ಮೊದಲು. ಇ-ವೇ ಬಿಲ್, ಗಾಡಿ ತರಿಸುವುದು, ರಾತ್ರಿ ಲೋಡಿಂಗ್ ಎಲ್ಲವೂ ಅವರಿಗೆ ಕೈಗತವಾಗಿದ್ದವು, ಮತ್ತು ಆ ವಿಷಯಗಳಲ್ಲಿ ಅವರು ಖಂಡಿತವಾಗಿ ಮುಂದಿದ್ದರು. ಆದರೆ ‘12% ವೆಚ್ಚ ಕಡಿತ’ದ ಬಗ್ಗೆ ಕೇಳಿದಾಗ ಯಾವ ವರ್ಷಕ್ಕೆ ಹೋಲಿಸಿ ಎಂಬುದನ್ನೂ ಹೇಳಲಾಗಲಿಲ್ಲ, 96 ಪೆಟ್ಟಿಗೆಗಳ ಪ್ರಸಂಗಕ್ಕೆ ‘ಸ್ಟೋರ್ಸ್‌ನವರು ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಂತು. ನಮ್ಮ ಹುದ್ದೆ ಬರಿಯ ಡಿಸ್ಪ್ಯಾಚ್‌ನದಾಗಿದ್ದರೆ ನಾನು ಅವರನ್ನೇ ಆರಿಸುತ್ತಿದ್ದೆ.

ಮೂರು ಷರತ್ತುಗಳಿಗೆ ಅಂಕ ಕೊಟ್ಟು ಕೂಡಿಸುವ ಕ್ರಮವನ್ನು ನಾನು ಅನುಸರಿಸುವುದಿಲ್ಲ. ಕೂಡಿಸಿದಾಗ ಒಂದರಲ್ಲಿನ ದೊಡ್ಡ ಕೊರತೆಯನ್ನು ಇನ್ನೊಂದರ ಹೆಚ್ಚಳ ಮುಚ್ಚಿಬಿಡುತ್ತದೆ, ದಾಸ್ತಾನಿನ ಮೌಲ್ಯದ ಲೆಕ್ಕದಲ್ಲಿ ಆಗುವ ಹಾಗೆಯೇ. ಅದರ ಬದಲು ಪ್ರತಿ ಕೊರತೆಯ ಎದುರು, ಅದನ್ನು ತುಂಬಲು ನಮಗೆ ಎಷ್ಟು ದಿನ ಬೇಕು, ಆ ದಿನಗಳಲ್ಲಿ ಕಲಿಸುವವರು ಯಾರು ಎಂದು ಬರೆಯುತ್ತೇನೆ. ಮಹಿಳಾ ಅಭ್ಯರ್ಥಿಯ ಎದುರು ಸ್ಕ್ಯಾನರ್‌ಗೆ ಹತ್ತು ದಿನ, ಇ-ವೇ ಬಿಲ್ಲಿಗೆ ಎರಡು ದಿನ, ಸ್ಥಳೀಯ ಟ್ರಾನ್ಸ್‌ಪೋರ್ಟರ್‌ಗಳ ಪರಿಚಯಕ್ಕೆ ಒಂದೂವರೆ ತಿಂಗಳು ಎಂದಾಯಿತು. ಮೂರಕ್ಕೂ ಕಲಿಸುವವರು ನಮ್ಮಲ್ಲಿದ್ದರು. ಯುವಕನ ಎದುರು ದಾಸ್ತಾನು ವ್ಯತ್ಯಾಸದ ಕಾರಣ ಹುಡುಕುವುದಕ್ಕೆ ಒಂದು ವರ್ಷ ಎಂದು ಬರೆದೆ, ಕಲಿಸಬೇಕಾದವನು ನಾನೇ ಆಗಿದ್ದೆ, ನನಗೆ ಆ ಸಮಯ ಇರಲಿಲ್ಲ. ತಿಂಗಳ ಕೊನೆಯ ವಾರ ರಾತ್ರಿ ಹತ್ತರವರೆಗೂ ಲೋಡಿಂಗ್ ನಡೆಯುತ್ತದೆ, ನೀವು ಇದುವರೆಗೆ ಮಾಡಿರದ ಕೆಲಸ ಅದು, ಮನೆಗೆ ಬಿಡಲು ಗಾಡಿಯ ಏರ್ಪಾಡು ಇರುತ್ತದೆ ಎಂದು ಮಹಿಳಾ ಅಭ್ಯರ್ಥಿಗೆ ಮುಂಚೆಯೇ ಸ್ಪಷ್ಟವಾಗಿ ಹೇಳಿದೆ. ಒಂದು ದಿನ ಯೋಚಿಸಿ ಒಪ್ಪಿದರು.

ನೇಮಕಾತಿ ಕಡತಕ್ಕೆ ನಾನು ಬರೆದ ಟಿಪ್ಪಣಿಯಲ್ಲಿ ಮೂರು ಷರತ್ತುಗಳ ಕೆಳಗೂ ಪುರಾವೆಯನ್ನು ಒಂದೊಂದು ವಾಕ್ಯದಲ್ಲಿ ನಮೂದಿಸಿದೆ, ಉಳಿತಾಯದ ಎದುರು 24 ಲಕ್ಷವನ್ನು ಹೊಡೆದುಹಾಕಿ 7.2 ಲಕ್ಷ ಎಂದು ತಿದ್ದಿ, ಲೆಕ್ಕದ ಹಾಳೆಯನ್ನು ಲಗತ್ತಿಸಿದೆ. ಎಚ್‌ಆರ್ ಸಹೋದ್ಯೋಗಿ ಅದನ್ನು ಓದಿ, ಇನ್ನು ಮುಂದಿನ ಪ್ರಕಟಣೆಯಲ್ಲಿ ‘ವೆಚ್ಚ ಉಳಿತಾಯದ ಪುರಾವೆ’ ಎಂಬಲ್ಲಿ ‘ಟನ್ನಿಗೆ ಅಥವಾ ಆರ್ಡರಿಗೆ ಆದ ವೆಚ್ಚದ ಇಳಿಕೆ, ಹೋಲಿಸಿದ ಅವಧಿಯೊಂದಿಗೆ’ ಎಂದೇ ಬರೆಯೋಣವೇ ಎಂದು ಕೇಳಿದರು. ನಾವು ಹಾಗೆಯೇ ಬರೆದೆವು.